21ನೇ ದಿನದ ರಕ್ತಪರೀಕ್ಷೆ ಯಾರಿಗೆ, ಯಾವಾಗ: ಅಂಡೋತ್ಪತ್ತಿಯನ್ನು ಮನೆಯಲ್ಲೇ ಗುರುತಿಸಿ ಪರೀಕ್ಷೆಯ ದಿನವನ್ನು ನಿಗದಿಪಡಿಸುವ ಸಮಗ್ರ ಮಾರ್ಗದರ್ಶಿ

ಮಗುವಿಗಾಗಿ ಪ್ರಯತ್ನಿಸುತ್ತಿರುವ ದಂಪತಿಗಳು ಮಂಗಳೂರು, ಉಡುಪಿಯ ಲ್ಯಾಬ್‌ಗಳಲ್ಲಿ ಮಾಡಿಸುವ ಮೊದಲ ಪರೀಕ್ಷೆಗಳಲ್ಲಿ ಪ್ರೊಜೆಸ್ಟರಾನ್ ಪರೀಕ್ಷೆಯೂ ಒಂದು. ಚೀಟಿಯಲ್ಲಿ ಸಾಮಾನ್ಯವಾಗಿ ‘21ನೇ ದಿನ’ ಎಂದು ಬರೆದಿರುತ್ತದೆ. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಆ ದಿನ ಸರಿಯಾಗಿಯೇ ಇದೆ. ಆದರೆ 33 ಅಥವಾ 35 ದಿನಕ್ಕೊಮ್ಮೆ ಮುಟ್ಟಾಗುವ ಮಹಿಳೆ ಅದೇ 21ನೇ ದಿನ ರಕ್ತ ಕೊಟ್ಟರೆ, ಅವಳ ಅಂಡಾಶಯ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರೂ ವರದಿಯಲ್ಲಿ ಅತಿ ಕಡಿಮೆ ಸಂಖ್ಯೆ ಬರುತ್ತದೆ, ಮತ್ತು ‘ಅಂಡೋತ್ಪತ್ತಿ ಆಗುತ್ತಿಲ್ಲ’ ಎಂಬ ತಪ್ಪು ತೀರ್ಮಾನದೊಂದಿಗೆ ಅವಳು ಮನೆಗೆ ಮರಳುತ್ತಾಳೆ. ಬಂಜೆತನದ ಸಲಹಾ ಕೊಠಡಿಯಲ್ಲಿ ಕೆಲಸ ಮಾಡುವ ನಾನು ಈ ಬಗೆಯ ವರದಿಗಳನ್ನು ಮತ್ತೆ ಮತ್ತೆ ನೋಡುತ್ತೇನೆ. ಮುಟ್ಟಿನ ದಿನದಿಂದ ಮುಂದಕ್ಕೆ ಎಣಿಸದೆ ಅಂಡೋತ್ಪತ್ತಿಯ ದಿನದಿಂದ ಎಣಿಸಿದರೆ ಈ ತಪ್ಪು ಆಗುವುದಿಲ್ಲ. ಹಾಗೆ ಎಣಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಮೊದಲ ಅರ್ಧ ಹಿಗ್ಗುತ್ತದೆ, ಎರಡನೆಯ ಅರ್ಧ ಅಷ್ಟಾಗಿ ಹಿಗ್ಗುವುದಿಲ್ಲ

ಋತುಚಕ್ರವನ್ನು ಅಂಡೋತ್ಪತ್ತಿಯು ಎರಡು ಭಾಗವಾಗಿ ವಿಂಗಡಿಸುತ್ತದೆ. ಮುಟ್ಟಾದ ದಿನದಿಂದ ಅಂಡಾಣು ಹೊರಬೀಳುವವರೆಗಿನದು ಫಾಲಿಕ್ಯುಲರ್ ಹಂತ. ಅಲ್ಲಿಂದ ಮುಂದಿನ ಮುಟ್ಟಿನವರೆಗಿನದು ಲೂಟಿಯಲ್ ಹಂತ.

ಹಿಂದಿನ ಚಕ್ರದ ಕೊನೆಯಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಇಳಿದಾಗ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮೇಲಿದ್ದ ತಡೆ ಸಡಿಲವಾಗಿ ಎಫ್‌ಎಸ್‌ಎಚ್ ಎಂಬ ಹಾರ್ಮೋನು ಏರುತ್ತದೆ. ಅಂಡಾಣುವನ್ನು ಒಳಗಿಟ್ಟುಕೊಂಡಿರುವ ನೀರುತುಂಬಿದ ಸಣ್ಣ ಚೀಲಗಳನ್ನು ಸ್ಕ್ಯಾನ್ ಕೋಣೆಯಲ್ಲಿ ಎಲ್ಲರೂ ಫಾಲಿಕಲ್ ಎಂದೇ ಕರೆಯುತ್ತಾರೆ. ಎಫ್‌ಎಸ್‌ಎಚ್‌ನ ಪ್ರಭಾವದಿಂದ ಇಂತಹ ಹಲವು ಫಾಲಿಕಲ್‌ಗಳು ಒಟ್ಟಿಗೆ ಬೆಳೆಯತೊಡಗುತ್ತವೆ. ಅವು ಬೆಳೆದಂತೆ ಈಸ್ಟ್ರೋಜನ್ ಸ್ರವಿಸುತ್ತವೆ, ಆ ಈಸ್ಟ್ರೋಜನ್ ಎಫ್‌ಎಸ್‌ಎಚ್‌ಅನ್ನು ಮತ್ತೆ ತಗ್ಗಿಸುತ್ತದೆ. ಹೀಗೆ ಪೂರೈಕೆ ಕಡಿಮೆಯಾದಾಗ, ಇರುವಷ್ಟು ಎಫ್‌ಎಸ್‌ಎಚ್‌ನಲ್ಲೇ ಬೆಳೆಯಬಲ್ಲ ಒಂದು ಫಾಲಿಕಲ್ ಮಾತ್ರ ಮುಂದುವರಿಯುತ್ತದೆ, ಉಳಿದವು ಕುಗ್ಗಿಹೋಗುತ್ತವೆ. ಸುಮಾರು 10 ಮಿಲಿಮೀಟರ್ ಗಾತ್ರದಲ್ಲಿ ಆಯ್ಕೆಯಾದ ಈ ಫಾಲಿಕಲ್ ಬಳಿಕ ದಿನಕ್ಕೆ ಒಂದೂವರೆಯಿಂದ ಎರಡು ಮಿಲಿಮೀಟರ್‌ನಂತೆ ಬೆಳೆದು, ಸಾಮಾನ್ಯವಾಗಿ 18 ರಿಂದ 25 ಮಿಲಿಮೀಟರ್ ಇರುವಾಗ ಒಡೆಯುತ್ತದೆ. ಈ ಆಯ್ಕೆಗೆ ಎಷ್ಟು ದಿನ ಬೇಕೆಂಬುದು ಮಹಿಳೆಯಿಂದ ಮಹಿಳೆಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಚಕ್ರ ಉದ್ದವಾಗುವುದು ಬಹುಮಟ್ಟಿಗೆ ಇಲ್ಲಿಯೇ.

ಒಡೆಯುವ ಮುನ್ನ ಒಂದು ತಿರುವು ಬರುತ್ತದೆ. ಅಲ್ಲಿಯವರೆಗೆ ಪಿಟ್ಯುಟರಿಯನ್ನು ತಡೆಯುತ್ತಿದ್ದ ಈಸ್ಟ್ರೋಜನ್, ಮಿಲಿಲೀಟರ್‌ಗೆ ಸುಮಾರು 200 ಪಿಕೋಗ್ರಾಂ ಮಟ್ಟವನ್ನು ದಾಟಿ ಸುಮಾರು ಎರಡು ದಿನ ಅಲ್ಲೇ ನಿಂತರೆ, ತಡೆಯುವುದನ್ನು ಬಿಟ್ಟು ಪಿಟ್ಯುಟರಿಯನ್ನು ಪ್ರಚೋದಿಸತೊಡಗುತ್ತದೆ. ಆಗ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನು ಒಮ್ಮೆಲೇ ಉಕ್ಕುತ್ತದೆ. ಈ ಉಕ್ಕು ರಕ್ತದಲ್ಲಿ ಆರಂಭವಾದ ಸುಮಾರು 34 ರಿಂದ 36 ಗಂಟೆಗಳಲ್ಲಿ ಅಂಡಾಣು ಹೊರಬೀಳುತ್ತದೆ. ಮೆಡಿಕಲ್‌ನಲ್ಲಿ ಸಿಗುವ ಅಂಡೋತ್ಪತ್ತಿ ಪಟ್ಟಿ ಹುಡುಕುವುದು ಈ ಉಕ್ಕನ್ನೇ.

ಅಂಡಾಣು ಹೋದಮೇಲೆ ಉಳಿದ ಫಾಲಿಕಲ್‌ನ ಗೋಡೆ ಕಾರ್ಪಸ್ ಲೂಟಿಯಂ ಎಂಬ ತಾತ್ಕಾಲಿಕ ಗ್ರಂಥಿಯಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಸ್ರವಿಸುತ್ತದೆ. ಅದರ ಸ್ರಾವ ಅಂಡೋತ್ಪತ್ತಿಯಾದ ಏಳೆಂಟು ದಿನಗಳಿಗೆ ಗರಿಷ್ಠವಾಗುತ್ತದೆ. ಗರ್ಭ ನಿಲ್ಲದಿದ್ದರೆ ಗ್ರಂಥಿ ತಾನಾಗಿ ಕ್ಷೀಣಿಸಿ, ಪ್ರೊಜೆಸ್ಟರಾನ್ ಇಳಿದು, ಗರ್ಭಕೋಶದ ಒಳಪದರ ಕಳಚಿ ಮುಟ್ಟಾಗುತ್ತದೆ. ಗ್ರಂಥಿಯ ಆಯುಷ್ಯವೇ ಈ ಹಂತದ ಅವಧಿಯನ್ನು ನಿರ್ಧರಿಸುವುದರಿಂದ ಅದು ಹೆಚ್ಚಿನವರಲ್ಲಿ 12 ರಿಂದ 14 ದಿನ ಇರುತ್ತದೆ. 10 ರಿಂದ 16 ದಿನದವರೆಗಿನ ವ್ಯತ್ಯಾಸವೂ ಅಸಹಜವಲ್ಲ. ಜಪಾನಿನ ವೈದ್ಯ ಕ್ಯೂಸಾಕು ಒಗಿನೊ 1924ರಲ್ಲೇ ಅಂಡೋತ್ಪತ್ತಿಯನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕೆಂದು ತೋರಿಸಿದ್ದರು. 2019ರಲ್ಲಿ ಪ್ರಕಟವಾದ, ಆರು ಲಕ್ಷಕ್ಕೂ ಹೆಚ್ಚು ಋತುಚಕ್ರಗಳ ವಿಶ್ಲೇಷಣೆಯೊಂದರಲ್ಲಿ ಫಾಲಿಕ್ಯುಲರ್ ಹಂತದ ಸರಾಸರಿ 16.9 ದಿನ, ಲೂಟಿಯಲ್ ಹಂತದ್ದು 12.4 ದಿನ ಎಂದು ಕಂಡುಬಂತು. ‘14ನೇ ದಿನ ಅಂಡೋತ್ಪತ್ತಿ’ ಎಂಬ ಪಠ್ಯಪುಸ್ತಕದ ಮಾತು ಎಷ್ಟೋ ಮಹಿಳೆಯರಿಗೆ ಏಕೆ ಹೊಂದುವುದಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಹಂತ 1: ಒಂದನೇ ದಿನವನ್ನು ಸರಿಯಾಗಿ ಗುರುತಿಸಿ

ಪ್ಯಾಡ್ ಬೇಕಾಗುವಷ್ಟು ಸ್ರಾವ ಆರಂಭವಾದ ದಿನವೇ ಒಂದನೇ ದಿನ. ಅದಕ್ಕಿಂತ ಮೊದಲು ಒಂದೆರಡು ದಿನ ಕಾಣುವ ಕಂದು ಕಲೆಯನ್ನು ಲೆಕ್ಕಕ್ಕೆ ಸೇರಿಸಬಾರದು, ಆದರೆ ಅದನ್ನು ಬೇರೆಯಾಗಿ ಬರೆದಿಡಬೇಕು. ನಮ್ಮ ಕರಾವಳಿಯ ಕೆಲವು ಮನೆಗಳಲ್ಲಿ ನಾಲ್ಕನೇ ದಿನದ ತಲೆಸ್ನಾನವೇ ನೆನಪಿನಲ್ಲಿ ಉಳಿಯುವ ದಿನವಾದ್ದರಿಂದ, ‘ಮುಟ್ಟು ಯಾವಾಗ ಆಯಿತು’ ಎಂದು ಕೇಳಿದಾಗ ಆ ದಿನವನ್ನೇ ಹೇಳುವವರಿದ್ದಾರೆ. ಮೂರು ದಿನದ ಈ ವ್ಯತ್ಯಾಸ ಮುಂದಿನ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ. ಆದ್ದರಿಂದ ಸ್ರಾವ ಆರಂಭವಾದ ದಿನವನ್ನೇ ಕ್ಯಾಲೆಂಡರಿನಲ್ಲಿ ಗುರುತಿಸಿ.

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಎಣಿಸಿದರೆ ಚಕ್ರದ ಉದ್ದ ಸಿಗುತ್ತದೆ. 24 ರಿಂದ 38 ದಿನಗಳ ಒಳಗಿದ್ದರೆ ಅದು ಸಹಜ ವ್ಯಾಪ್ತಿ. ಕಳೆದ ಕೆಲವು ತಿಂಗಳುಗಳ ದಿನಾಂಕಗಳಿಂದ ಅತಿ ಚಿಕ್ಕ ಚಕ್ರ ಯಾವುದೆಂದು ನೋಡಿ, ಅದರಿಂದ 17ನ್ನು ಕಳೆಯಿರಿ. ಬರುವ ಸಂಖ್ಯೆಯೇ ಪಟ್ಟಿಯ ಪರೀಕ್ಷೆಯನ್ನು ಆರಂಭಿಸಬೇಕಾದ ದಿನ. ಉದಾಹರಣೆಗೆ ಅತಿ ಚಿಕ್ಕದು 28 ಇದ್ದರೆ 11ನೇ ದಿನ, 33 ಇದ್ದರೆ 16ನೇ ದಿನ.

ಹಂತ 2: ಬಿಳಿ ಸ್ರಾವದ ಬದಲಾವಣೆಯನ್ನು ಗಮನಿಸಿ

ಈಸ್ಟ್ರೋಜನ್ ಏರಿದಂತೆ ಗರ್ಭಕೋಶದ ಕಂಠದಿಂದ ಬರುವ ಲೋಳೆ ತೆಳುವಾಗಿ, ಪಾರದರ್ಶಕವಾಗಿ, ಎರಡು ಬೆರಳುಗಳ ನಡುವೆ ತುಂಡಾಗದೆ ಎಳೆಯುವಂತಾಗುತ್ತದೆ. ಪ್ರೊಜೆಸ್ಟರಾನ್ ಬಂದ ಕೂಡಲೇ ಅದೇ ಲೋಳೆ ದಪ್ಪವಾಗಿ ಅಂಟಂಟಾಗುತ್ತದೆ ಅಥವಾ ನಿಂತೇಹೋಗುತ್ತದೆ. ಎಳೆಯುವ ಲೋಳೆ ಕಂಡ ಕೊನೆಯ ದಿನವು ಅಂಡೋತ್ಪತ್ತಿಗೆ ತೀರಾ ಹತ್ತಿರದ ದಿನ. ಇದಕ್ಕೆ ಹಣ ಬೇಕಿಲ್ಲ. ಶೌಚಕ್ಕೆ ಹೋದಾಗ ಗಮನಿಸಿ, ಸಂಜೆ ಒಂದು ಪದ ಬರೆದಿಟ್ಟರೆ ಸಾಕು. ತುರಿಕೆ, ದುರ್ವಾಸನೆ ಅಥವಾ ಮೊಸರಿನಂತಹ ಸ್ರಾವ ಇದ್ದರೆ ಅದು ಸೋಂಕಿನ ಲಕ್ಷಣ. ಆ ತಿಂಗಳು ಈ ಗುರುತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ವೈದ್ಯರಿಗೆ ತೋರಿಸಿ.

ಹಂತ 3: ಎಲ್‌ಎಚ್ ಪಟ್ಟಿ

ಈ ಹಂತದಲ್ಲೇ ಹೆಚ್ಚು ತಪ್ಪುಗಳಾಗುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಗರ್ಭಪರೀಕ್ಷೆಗೆ ಬೆಳಗಿನ ಮೊದಲ ಮೂತ್ರ ಉತ್ತಮ ಎಂಬುದು ಎಲ್ಲರಿಗೂ ಗೊತ್ತು, ಹಾಗಾಗಿ ಈ ಪಟ್ಟಿಗೂ ಅದನ್ನೇ ಬಳಸುತ್ತಾರೆ. ಆದರೆ ಎಲ್‌ಎಚ್ ಉಕ್ಕು ಹಲವರಲ್ಲಿ ನಸುಕಿನ ಹೊತ್ತಿಗೆ ರಕ್ತದಲ್ಲಿ ಆರಂಭವಾಗುತ್ತದೆ, ಮೂತ್ರದಲ್ಲಿ ಕಾಣಿಸಿಕೊಳ್ಳಲು ಕೆಲವು ಗಂಟೆ ಬೇಕು. ಆದ್ದರಿಂದ ಬೆಳಿಗ್ಗೆ 10ರಿಂದ ರಾತ್ರಿ 8ರ ನಡುವೆ ಒಂದು ಸಮಯವನ್ನು ಆರಿಸಿಕೊಂಡು ಪ್ರತಿದಿನ ಅದೇ ಹೊತ್ತಿಗೆ ಪರೀಕ್ಷಿಸುವುದು ಒಳ್ಳೆಯದು. ಪೊಟ್ಟಣದ ಮೇಲೆ ಬೇರೆ ಸೂಚನೆ ಇದ್ದರೆ ಅದನ್ನೇ ಅನುಸರಿಸಿ.

ಪರೀಕ್ಷೆಗೆ ಮೊದಲಿನ ಎರಡು ಗಂಟೆ ಹೆಚ್ಚು ನೀರು ಕುಡಿಯಬಾರದು. ಕರಾವಳಿಯ ಸೆಖೆಯಲ್ಲಿ ಇದು ಸುಲಭವಲ್ಲ. ಕೆಲಸದಿಂದ ಬಸವಳಿದು ಬಂದವರು ಮೊದಲು ಮಾಡುವ ಕೆಲಸವೇ ಒಂದು ದೊಡ್ಡ ಲೋಟ ಮಜ್ಜಿಗೆಯನ್ನೋ ಬೊಂಡವನ್ನೋ ಕುಡಿಯುವುದು. ಅದರ ನಂತರದ ಮೂತ್ರ ತೆಳುವಾಗಿ, ನಿಜವಾಗಿ ಉಕ್ಕು ಇದ್ದರೂ ಗೆರೆ ಮಸುಕಾಗಿ ಬರಬಹುದು. ಮೂತ್ರ ನೀರಿನಂತೆ ಬಣ್ಣವಿಲ್ಲದೆ ಇದ್ದರೆ ಆ ಹೊತ್ತಿನ ಫಲಿತಾಂಶವನ್ನು ನಂಬಬೇಡಿ. ಹಾಗೆಂದು ಬೇಸಿಗೆಯಲ್ಲಿ ದಿನವಿಡೀ ಬಾಯಾರಿ ಕೂರುವುದೂ ಸಲ್ಲದು. ಮನೆಗೆ ಬಂದ ಕೂಡಲೇ ಮೊದಲು ಪರೀಕ್ಷಿಸಿ ನಂತರ ಕುಡಿದರೆ ಎರಡೂ ಸರಿಹೋಗುತ್ತವೆ.

ಮಳೆಗಾಲದ ತೇವಾಂಶವೂ ಪಟ್ಟಿಯನ್ನು ಕೆಡಿಸಬಲ್ಲದು. ಬಳಸುವ ಕ್ಷಣದವರೆಗೆ ಪೊಟ್ಟಣವನ್ನು ಒಡೆಯಬೇಡಿ, ಬಚ್ಚಲುಮನೆಯಲ್ಲಿ ಇಡಬೇಡಿ.

ಪಟ್ಟಿಯಲ್ಲಿ ಎರಡು ಗೆರೆಗಳ ಜಾಗವಿದೆ. ನಿಯಂತ್ರಣ ಗೆರೆ ಮೂಡದಿದ್ದರೆ ಪಟ್ಟಿ ಹಾಳಾಗಿದೆ ಎಂದೇ ಅರ್ಥ. ಗರ್ಭಪರೀಕ್ಷೆಯಲ್ಲಿ ಎರಡನೆಯ ಗೆರೆ ಎಷ್ಟೇ ಮಸುಕಾಗಿದ್ದರೂ ಅದು ‘ಹೌದು’, ಇಲ್ಲಿ ಹಾಗಲ್ಲ. ಎಲ್‌ಎಚ್ ದೇಹದಲ್ಲಿ ಸದಾ ಸ್ವಲ್ಪ ಇರುವುದರಿಂದ ಮಸುಕಾದ ಗೆರೆ ಹಲವು ದಿನ ಕಾಣಬಹುದು. ಪರೀಕ್ಷೆಯ ಗೆರೆಯು ನಿಯಂತ್ರಣ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾದಾಗ ಮಾತ್ರ ಉಕ್ಕು ಬಂದಿದೆ ಎಂದು ತಿಳಿಯಬೇಕು. ಪೊಟ್ಟಣದಲ್ಲಿ ಹೇಳಿದ ನಿಮಿಷಗಳೊಳಗೆ ಓದಿ, ಫೋಟೋ ತೆಗೆದು ದಿನದ ಸಂಖ್ಯೆಯೊಂದಿಗೆ ಉಳಿಸಿಕೊಳ್ಳಿ. ಗೆರೆ ಗಾಢವಾದ ಮೇಲೆ ಒಂದೆರಡು ದಿನಗಳೊಳಗೆ ಅಂಡೋತ್ಪತ್ತಿಯಾಗುತ್ತದೆ ಎಂದು ನಿರೀಕ್ಷಿಸಬಹುದು.

ಅಂಡಾಣು ಬದುಕುವುದು 12 ರಿಂದ 24 ಗಂಟೆ ಮಾತ್ರ, ವೀರ್ಯಾಣು ಐದು ದಿನದವರೆಗೂ ಬದುಕಬಲ್ಲದು. ಹೀಗಾಗಿ ಗರ್ಭ ನಿಲ್ಲುವ ಸಾಧ್ಯತೆ ಇರುವುದು ಅಂಡೋತ್ಪತ್ತಿಯ ದಿನವೂ ಸೇರಿ ಅದರ ಹಿಂದಿನ ಐದು ದಿನಗಳಲ್ಲಿ. ಪಟ್ಟಿ ಗಾಢವಾಗುವವರೆಗೆ ಕಾಯುವ ದಂಪತಿಗಳು ಈ ಆರು ದಿನಗಳಲ್ಲಿ ಹೆಚ್ಚಿನದನ್ನು ಕಳೆದುಕೊಂಡಿರುತ್ತಾರೆ. ಲೋಳೆ ತೆಳುವಾಗತೊಡಗಿದ ದಿನದಿಂದಲೇ ದಿನ ಬಿಟ್ಟು ದಿನ ಕೂಡುವುದು ಒಳ್ಳೆಯದು.

ಹಂತ 4: ಬೆಳಗಿನ ತಾಪಮಾನ

ಪ್ರೊಜೆಸ್ಟರಾನ್ ದೇಹದ ವಿಶ್ರಾಂತಿ ತಾಪಮಾನವನ್ನು 0.2 ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸುತ್ತದೆ. ಈ ಏರಿಕೆ ಅಂಡೋತ್ಪತ್ತಿಯ ನಂತರವೇ ಬರುವುದರಿಂದ ಅದು ಮುನ್ಸೂಚನೆಯಾಗಲಾರದು. ಪಟ್ಟಿ ಹೇಳಿದ್ದು ನಿಜವಾಗಿ ನಡೆಯಿತೇ ಎಂದು ಖಚಿತಪಡಿಸಿಕೊಳ್ಳಲು ಅದು ನೆರವಾಗುತ್ತದೆ.

ಎರಡು ದಶಮಾಂಶ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಬೇಕು. ಜ್ವರ ನೋಡುವ ಸಾಮಾನ್ಯ ಥರ್ಮಾಮೀಟರ್ ಇಷ್ಟು ಸಣ್ಣ ಬದಲಾವಣೆಗೆ ಸಾಲದು. ಕನಿಷ್ಠ ಮೂರು ಗಂಟೆ ಸತತವಾಗಿ ಮಲಗಿದ ಬಳಿಕ, ಹಾಸಿಗೆಯಿಂದ ಏಳುವ ಮುನ್ನ, ಪ್ರತಿದಿನ ಒಂದೇ ಹೊತ್ತಿಗೆ ನಾಲಿಗೆಯ ಕೆಳಗಿಟ್ಟು ನೋಡಬೇಕು. ಹಿಂದಿನ ಆರು ದಿನಗಳ ಎಲ್ಲ ಅಂಕಿಗಳಿಗಿಂತ ಮೇಲಿರುವ ಮೂರು ಅಂಕಿಗಳು ಸತತವಾಗಿ ಸಿಕ್ಕಿ, ಮೂರನೆಯದು ಆ ಆರರಲ್ಲಿ ಅತಿ ಹೆಚ್ಚಿನದಕ್ಕಿಂತ ಕನಿಷ್ಠ 0.2 ಡಿಗ್ರಿ ಮೇಲಿದ್ದರೆ ಏರಿಕೆ ಆಗಿದೆ ಎನ್ನಬಹುದು. ಜ್ವರ, ರಾತ್ರಿ ಪಾಳಿ, ಮೇ ತಿಂಗಳಲ್ಲಿ ಕರೆಂಟು ಹೋಗಿ ನಿದ್ದೆಗೆಟ್ಟ ರಾತ್ರಿ, ಇವೆಲ್ಲ ಅಂಕಿಯನ್ನು ಏರುಪೇರು ಮಾಡುತ್ತವೆ. ಅಂತಹ ದಿನದ ಪಕ್ಕದಲ್ಲಿ ಕಾರಣವನ್ನು ಬರೆದು ಆ ಅಂಕಿಯನ್ನು ಬಿಟ್ಟುಬಿಡಿ. ಪಾಳಿ ಬದಲಾಗುತ್ತಲೇ ಇರುವ ಕೆಲಸದವರಿಗೆ, ಉದಾಹರಣೆಗೆ ಆಸ್ಪತ್ರೆಯ ದಾದಿಯರಿಗೆ, ಈ ವಿಧಾನವನ್ನು ನಾನು ಸೂಚಿಸುವುದಿಲ್ಲ.

ಹಂತ 5: ರಕ್ತಪರೀಕ್ಷೆಯ ದಿನ

ಪಟ್ಟಿ ಗಾಢವಾದ ದಿನದ ಮರುದಿನವನ್ನು ಅಂಡೋತ್ಪತ್ತಿಯ ದಿನವೆಂದು ಇಟ್ಟುಕೊಂಡು, ಅದಕ್ಕೆ ಏಳು ದಿನ ಸೇರಿಸಿ ರಕ್ತ ಕೊಡಿ. ಪಟ್ಟಿ ಬಳಸದಿದ್ದರೆ, ನಿರೀಕ್ಷಿತ ಮುಟ್ಟಿಗೆ ಏಳು ದಿನ ಮೊದಲು ಕೊಡಿ. ಆಮೇಲೆ ಮುಟ್ಟು ನಿಜವಾಗಿ ಯಾವಾಗ ಬಂತೆಂದು ವರದಿಯ ಮೇಲೆಯೇ ಬರೆದಿಡಿ, ಏಕೆಂದರೆ ಆ ದಿನಾಂಕವಿಲ್ಲದೆ ಸಂಖ್ಯೆಗೆ ಅರ್ಥವಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗುವ ಅಗತ್ಯವಿಲ್ಲ.

ಮಿಲಿಲೀಟರ್‌ಗೆ 3 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ಅಂಡೋತ್ಪತ್ತಿ ಆಗಿದೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. 14 ಬಂದವರು 9 ಬಂದವರಿಗಿಂತ ಉತ್ತಮ ಎಂದು ಹೋಲಿಸುವುದರಲ್ಲಿ ಹುರುಳಿಲ್ಲ: ಕಾರ್ಪಸ್ ಲೂಟಿಯಂ ಪ್ರೊಜೆಸ್ಟರಾನನ್ನು ಒಂದೇ ಸಮನೆ ಸುರಿಸದೆ ಅಲೆಅಲೆಯಾಗಿ ಬಿಡುವುದರಿಂದ, ಒಬ್ಬಳೇ ಮಹಿಳೆಯಲ್ಲಿ ಒಂದೆರಡು ಗಂಟೆಗಳ ಅಂತರದಲ್ಲಿ ಸಂಖ್ಯೆ ಹಲವು ಪಟ್ಟು ಬದಲಾಗಬಲ್ಲದು. ಕೆಲವು ಲ್ಯಾಬ್‌ಗಳು ನ್ಯಾನೋಮೋಲ್‌ನಲ್ಲಿ ವರದಿ ಕೊಡುತ್ತವೆ, ಅದನ್ನು 3.18ರಿಂದ ಭಾಗಿಸಿದರೆ ನ್ಯಾನೋಗ್ರಾಂ ಲೆಕ್ಕ ಸಿಗುತ್ತದೆ.

ಒಂದು ಚಕ್ರದ ಪೂರ್ಣ ಲೆಕ್ಕ

ಗುರುತು ಸಿಗದಂತೆ ಹಲವರ ಟಿಪ್ಪಣಿಗಳನ್ನು ಸೇರಿಸಿ ರೂಪಿಸಿದ ಉದಾಹರಣೆ ಇದು. 29 ವರ್ಷದ ಮಹಿಳೆ, ಉಡುಪಿಯಲ್ಲಿ ಮನೆ, ಮಂಗಳೂರಿನ ಬ್ಯಾಂಕಿನಲ್ಲಿ ಕೆಲಸ, ದಿನಾಲೂ ಬಸ್ಸಿನ ಓಡಾಟ. ಮುಟ್ಟು 33 ರಿಂದ 35 ದಿನಕ್ಕೊಮ್ಮೆ. ಚೀಟಿಯಲ್ಲಿದ್ದಂತೆ 21ನೇ ದಿನ ರಕ್ತ ಕೊಟ್ಟಾಗ ಪ್ರೊಜೆಸ್ಟರಾನ್ 0.8 ನ್ಯಾನೋಗ್ರಾಂ ಬಂತು. ‘ಮೊಟ್ಟೆ ಬಿಡುಗಡೆಯಾಗುತ್ತಿಲ್ಲವಂತೆ ಮೇಡಂ, ಮಾತ್ರೆ ಶುರು ಮಾಡಬೇಕಾ?’ ಎಂದು ಅವರು ಕೇಳಿದರು. ಮಾತ್ರೆಗೆ ಮೊದಲು ಒಂದು ಚಕ್ರವನ್ನು ಪೂರ್ತಿ ದಾಖಲಿಸೋಣ ಎಂದು ನಿರ್ಧರಿಸಿದೆವು.

33ರಿಂದ 17 ಕಳೆದು 16ನೇ ದಿನ ಪಟ್ಟಿ ಆರಂಭವಾಯಿತು. 16ರಿಂದ 18ರವರೆಗೆ ಮಸುಕು ಗೆರೆ. 18ರಂದೇ ಲೋಳೆ ಎಳೆಯುವಂತಿತ್ತು. 19ನೇ ದಿನ ಸಂಜೆಯೂ ಗೆರೆ ಮಸುಕು, ಆದರೆ ಬಸ್ಸಿನಿಂದ ಇಳಿದು ಬೊಂಡ ಕುಡಿದು ಬಂದಿದ್ದರು, ಮೂತ್ರಕ್ಕೆ ಬಣ್ಣವೇ ಇರಲಿಲ್ಲ. ಹಾಗಾಗಿ ಆ ಫಲಿತಾಂಶದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದೆವು. 20ನೇ ದಿನ ಸಂಜೆ, ಏನೂ ಕುಡಿಯುವ ಮೊದಲು ನೋಡಿದಾಗ, ಪರೀಕ್ಷೆಯ ಗೆರೆ ನಿಯಂತ್ರಣ ಗೆರೆಗಿಂತ ಗಾಢವಾಗಿತ್ತು. ಎಳೆಯುವ ಲೋಳೆ 21ನೇ ದಿನ ಕೊನೆಯದಾಗಿ ಕಂಡಿತು.

ತಾಪಮಾನದ ದಾಖಲೆಯಲ್ಲಿ 16ರಿಂದ 21ರವರೆಗಿನ ಅಂಕಿಗಳಲ್ಲಿ ಅತಿ ಹೆಚ್ಚಿನದು 36.40. 22ರಂದು 36.52, 23ರಂದು 36.64, 24ರಂದು 36.66. ಮೂರೂ 36.40ಕ್ಕಿಂತ ಮೇಲಿವೆ, ಮೂರನೆಯದು 0.26 ಡಿಗ್ರಿ ಮೇಲಿದೆ, ಏರಿಕೆ ದೃಢವಾಯಿತು. ಮೂರು ಗುರುತುಗಳೂ 21ನೇ ದಿನದ ಆಸುಪಾಸನ್ನೇ ಸೂಚಿಸಿದ್ದರಿಂದ ರಕ್ತವನ್ನು 28ನೇ ದಿನ ಕೊಡಲು ಹೇಳಿದೆವು. ಪ್ರೊಜೆಸ್ಟರಾನ್ 11.6 ಬಂತು. 34 ದಿನದ ಚಕ್ರ ಮುಗಿದು ಮರುದಿನ ಮುಟ್ಟಾಯಿತು, ಅಂದರೆ ಲೂಟಿಯಲ್ ಹಂತ 13 ದಿನ. ಹಿಂದಿನ ತಿಂಗಳು ಅವರು ರಕ್ತ ಕೊಟ್ಟ 21ನೇ ದಿನ ಬಹುಶಃ ಅಂಡೋತ್ಪತ್ತಿಯ ದಿನವೇ ಆಗಿತ್ತು. ಆ ಹೊತ್ತಿಗೆ 0.8 ಇರುವುದು ಸಹಜ.

ಗುರುತುಗಳು ದಾರಿ ತಪ್ಪಿಸುವ ಸಂದರ್ಭಗಳು

ಪಿಸಿಓಎಸ್ ಇರುವ ಹಲವರಲ್ಲಿ ಎಲ್‌ಎಚ್ ಮಟ್ಟ ಸದಾ ಹೆಚ್ಚಿರುವುದರಿಂದ ಪಟ್ಟಿ ಹಲವು ದಿನ ಗಾಢವಾಗಿ ತೋರಬಹುದು, ಅಥವಾ ಒಂದೇ ಚಕ್ರದಲ್ಲಿ ಎರಡು ಮೂರು ಬಾರಿ ಗಾಢವಾಗಿ ಮಸುಕಾಗಬಹುದು. ಅಂತಹವರು ಪಟ್ಟಿಯೊಂದನ್ನೇ ನಂಬದೆ ತಾಪಮಾನ ಏರಿತೇ ಎಂದು ನೋಡಬೇಕು. ಏರದಿದ್ದರೆ ಉಕ್ಕಿನ ಪ್ರಯತ್ನ ನಡೆದು ಅಂಡೋತ್ಪತ್ತಿ ಆಗಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಅಂಡೋತ್ಪತ್ತಿಗಾಗಿ ಎಚ್‌ಸಿಜಿ ಚುಚ್ಚುಮದ್ದು ಪಡೆದವರಲ್ಲೂ ಪಟ್ಟಿ ಸುಳ್ಳು ಫಲಿತಾಂಶ ಕೊಡಬಹುದು, ಏಕೆಂದರೆ ಎಚ್‌ಸಿಜಿ ಮತ್ತು ಎಲ್‌ಎಚ್‌ನ ರಚನೆ ಒಂದನ್ನೊಂದು ಹೋಲುತ್ತದೆ.

ಇನ್ನೊಂದು ಸಂದರ್ಭ ಅಪರೂಪದ್ದು, ಆದರೆ ತಿಳಿದಿರಬೇಕಾದದ್ದು. ಕೆಲವೊಮ್ಮೆ ಫಾಲಿಕಲ್ ಒಡೆಯದೆಯೇ ಕಾರ್ಪಸ್ ಲೂಟಿಯಂ ಆಗಿ ಮಾರ್ಪಡುತ್ತದೆ. ಆಗ ಪಟ್ಟಿ ಗಾಢವಾಗುತ್ತದೆ, ತಾಪಮಾನ ಏರುತ್ತದೆ, ಪ್ರೊಜೆಸ್ಟರಾನ್ ಸಂಖ್ಯೆಯೂ ಚೆನ್ನಾಗಿರುತ್ತದೆ, ಆದರೆ ಅಂಡಾಣು ಹೊರಬಂದಿರುವುದಿಲ್ಲ. ಮನೆಯ ಯಾವ ವಿಧಾನವೂ ಇದನ್ನು ಪತ್ತೆಹಚ್ಚಲಾರದು. ಇದಕ್ಕೆ ಯೋನಿಯ ಮೂಲಕ ಮಾಡುವ ಫಾಲಿಕ್ಯುಲರ್ ಸ್ಕ್ಯಾನ್ ಬೇಕು. 28 ದಿನದ ಚಕ್ರದವರಿಗೆ ಅದನ್ನು 10ನೇ ದಿನದ ಸುಮಾರಿಗೆ ಆರಂಭಿಸಿ ದಿನ ಬಿಟ್ಟು ದಿನ ಮಾಡುತ್ತಾರೆ. ಉದ್ದ ಚಕ್ರದವರು ಆರಂಭದ ದಿನವನ್ನು ಮುಂದೂಡಬಹುದೇ ಎಂದು ಮೊದಲೇ ಕೇಳಿಕೊಂಡರೆ ಅನಗತ್ಯ ಓಡಾಟ ಮತ್ತು ಖರ್ಚು ತಪ್ಪುತ್ತದೆ. ನಿನ್ನೆ ಮೊನ್ನೆ 20 ಮಿಲಿಮೀಟರ್ ಇದ್ದ ಫಾಲಿಕಲ್ ಕಾಣೆಯಾಗಿ ಅಥವಾ ಸುಕ್ಕಾಗಿ, ಗರ್ಭಕೋಶದ ಹಿಂಭಾಗದಲ್ಲಿ ಸ್ವಲ್ಪ ದ್ರವ ಕಂಡರೆ ಅದು ಒಡೆದಿದೆ ಎಂದು ತಿಳಿಯುತ್ತಾರೆ.

ಈ ಲೆಕ್ಕವನ್ನು ಗರ್ಭ ತಡೆಯುವುದಕ್ಕಾಗಿ ಬಳಸಬೇಡಿ. ಅದಕ್ಕೆ ಇನ್ನೂ ಕಟ್ಟುನಿಟ್ಟಾದ ನಿಯಮಗಳೂ ತರಬೇತಿಯೂ ಬೇಕು.

ಚಕ್ರ 24 ದಿನಕ್ಕಿಂತ ಚಿಕ್ಕದು ಅಥವಾ 38ಕ್ಕಿಂತ ಉದ್ದವಿದ್ದರೆ, ತಾಪಮಾನ ಏರಿದ ಮೇಲೆ ಹತ್ತು ದಿನದೊಳಗೇ ಮತ್ತೆ ಮತ್ತೆ ಮುಟ್ಟಾಗುತ್ತಿದ್ದರೆ, ಅಥವಾ ಎರಡು ಮೂರು ಚಕ್ರಗಳಲ್ಲಿ ಪಟ್ಟಿಯೂ ತಾಪಮಾನವೂ ಏನನ್ನೂ ತೋರಿಸದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, 35 ದಾಟಿದವರಾದರೆ ಆರು ತಿಂಗಳಿಗೇ, ಗಂಡ ಹೆಂಡತಿ ಇಬ್ಬರೂ ಹೋಗಬೇಕು. ವೀರ್ಯ ಪರೀಕ್ಷೆಯನ್ನು ಕೊನೆಗೆಂದು ಮುಂದೂಡಬಾರದು. ಹೋಗುವಾಗ ಮುಟ್ಟಿನ ದಿನಾಂಕಗಳು, ಪಟ್ಟಿಯ ಫೋಟೋಗಳು, ತಾಪಮಾನದ ಹಾಳೆ, ಮತ್ತು ಪ್ರತಿ ಪ್ರೊಜೆಸ್ಟರಾನ್ ವರದಿಯ ಮೇಲೆ ‘ರಕ್ತ ಕೊಟ್ಟ ದಿನ’ ಹಾಗೂ ‘ನಂತರ ಮುಟ್ಟಾದ ದಿನ’ ಎಂಬ ಎರಡು ದಿನಾಂಕಗಳನ್ನು ಬರೆದುಕೊಂಡು ಹೋಗಿ.